ಜೊಳ್ಳಾಗದ ಬಣ್ಣ: ಮೊದಲು ಮದರಂಗಿ, ಅನಂತರ ನೀಲಿ



ತಲೆಗೆ ಬಣ್ಣ ಹಚ್ಚಿಕೊಳ್ಳುವುದು ಸರಿಯೋ ತಪ್ಪೋ ಎಂಬ ಜಿಜ್ಞಾಸೆಗೆ ಈ ಸಲ ನಾನು ಕೈಹಾಕುವುದಿಲ್ಲ. ನರೆಯನ್ನು ನರೆಯಾಗಿಯೇ ಇಟ್ಟುಕೊಂಡವರಲ್ಲಿ ನಾನೂ ಒಬ್ಬ. ಆದರೆ ಹಚ್ಚಿಕೊಳ್ಳುವವರು ತಿಳಿದು ಹಚ್ಚಿಕೊಳ್ಳಲಿ ಎಂಬ ಉದ್ದೇಶದಿಂದ, ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನನ್ನ ತಂಗಿ ತಿಕೋಟಾದಲ್ಲಿರುತ್ತಾಳೆ. ವಯಸ್ಸು ಅರವತ್ತರ ಹತ್ತಿರ. ಹಣೆಯ ಮೇಲಿನ ಹಾಗೂ ಕಪೋಲದ ಬದಿಯ ಕೂದಲು ಪೂರ್ತಿ ಬೆಳ್ಳಗಾಗಿದ್ದು, ಹಿಂಬದಿಯಲ್ಲಿ ಅರ್ಧದಷ್ಟು ಕಪ್ಪು ಉಳಿದಿದೆ. ಬಬಲೇಶ್ವರದ ಬೀಗರ ಮನೆಯಲ್ಲಿ ಮದುವೆಯಿತ್ತು. ಅಚ್ಚ ಕಪ್ಪು ಬಣ್ಣ ಈ ವಯಸ್ಸಿಗೆ ಒಪ್ಪುವುದಿಲ್ಲವೆಂದು ಅವಳು ಅಂಗಡಿಯಿಂದ ಸಹಜ ಕಂದು ಬಣ್ಣದ ಒಂದು ಡಬ್ಬಿ ತರಿಸಿ, ಅದರ ಮೇಲೆ ಬರೆದಂತೆಯೇ ಹಚ್ಚಿಕೊಂಡಳು. ತೊಳೆದ ದಿನ ಬಣ್ಣ ಚೆನ್ನಾಗಿಯೇ ಕಂಡಿತು. ಮೂರನೆಯ ತಲೆಸ್ನಾನದ ಹೊತ್ತಿಗೆ ಹಿಂಬದಿಯ ಕೂದಲು ಕಂದಾಗಿಯೇ ಉಳಿದಿತ್ತು. ಮುಂಭಾಗ ಮಾತ್ರ ಬೂದಿಗೆ ಹಸಿರು ಬೆರೆಸಿದಂತಾಗಿ, ಬಿಸಿಲಿಗೆ ನಿಂತರೆ ಒಳಗಿನ ಬಿಳುಪು ಇಣುಕುತ್ತಿತ್ತು. “ಅಣ್ಣಾ, ಇದೇನ ಬಣ್ಣ ನೋಡು, ಪಾಚಿ ಹತ್ತಿದಂಗ ಕಾಣತೈತಿ” ಎಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ವಿಜಯಪುರದಲ್ಲಿ ಕೇಶಾಲಂಕಾರದ ವೃತ್ತಿ ಮಾಡುವ ನಮ್ಮ ಸೋದರಸೊಸೆಯೊಬ್ಬಳಿದ್ದಾಳೆ. ಅವಳು ಕೂದಲನ್ನು ಬೆಳಕಿಗೆ ಹಿಡಿದು ನೋಡಿ ಒಂದೇ ಮಾತಿನಲ್ಲಿ ಕಾರಣ ಹೇಳಿದಳು: “ಮಾಮಾ, ಬಣ್ಣ ಕೆಟ್ಟಿಲ್ರೀ. ತಳಾ ಇಲ್ದ ಹಚ್ಚ್ಯಾರ. ಅದಕ್ಕ ಜೊಳ್ಳ ಆಗೇತಿ.” ಜೋಳದ ನಾಡಿನವರಾದ ನಮಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಹೊರಗೆ ಹೊಟ್ಟು ಇದ್ದು ಒಳಗೆ ಕಾಳಿಲ್ಲದ್ದು ಜೊಳ್ಳು. ಹೊರಗೆ ಕಂದು ಇದ್ದು ಒಳಗೆ ಏನೂ ಇಲ್ಲದ ಕೂದಲೂ ಅಂಥದ್ದೇ.

ಇದರ ಮರ್ಮ ಹೀಗಿದೆ. ಹುಟ್ಟಿನಿಂದ ಬಂದ ಕಂದು ಕೂದಲು ನಾವು ತಿಳಿದಂತೆ ಒಂದೇ ಬಣ್ಣದ್ದಲ್ಲ. ಅದರ ಒಳಪದರದಲ್ಲಿ ಕೆಂಪು ಮತ್ತು ಹಳದಿ ಛಾಯೆಗಳು ಅಡಗಿರುತ್ತವೆ; ಕಂದಿಗೆ ಜೀವ ತುಂಬುವುದು ಆ ಬೆಚ್ಚನೆಯ ಛಾಯೆಯೇ. ಬಿಸಿಲಿನಲ್ಲಿ ದುಡಿಯುವವರ ಕಪ್ಪು ಕೂದಲು ಕೆಂಚಾಗುವುದನ್ನು ನೀವು ಕಂಡಿದ್ದೀರಿ. ಆಗ ಹೊರಬೀಳುವುದು ಇದೇ ಒಳಬಣ್ಣ. ನರೆತ ಕೂದಲಿನಲ್ಲಿ ಕಪ್ಪಿನೊಡನೆ ಈ ಕೆಂಪು ಹಳದಿಗಳೂ ಹೋಗಿರುತ್ತವೆ. ಅದು ಗಾಜಿನ ಎಳೆಯಂತೆ ಬೆಳಕನ್ನು ಒಳಬಿಡುತ್ತದೆ. ಅಂಥ ಎಳೆಯ ಮೇಲೆ ಕಂದಿನ ತೆಳುಲೇಪವೊಂದನ್ನೇ ಕೊಟ್ಟರೆ ಆ ಲೇಪದಲ್ಲಿರುವ ನೀಲಿ ಹಸಿರಿನ ತಣ್ಣನೆಯ ಅಂಶವನ್ನು ಸರಿದೂಗಿಸಲು ಒಳಗೆ ಏನೂ ಇರುವುದಿಲ್ಲ. ಕಂದು ಸ್ವಲ್ಪ ತೊಳೆದುಹೋದ ಕೂಡಲೇ ಪಾಚಿಯ ಛಾಯೆ ತಲೆಯೆತ್ತುತ್ತದೆ. ಸುಣ್ಣದ ಬಿಳಿಗೋಡೆಗೆ ನೇರವಾಗಿ ಕಂದು ಬಳಿಯದೆ ಮೊದಲು ಕೆಮ್ಮಣ್ಣಿನ ಒಂದು ಕೈ ಕೊಡುವಂತೆ, ನರೆಗೂ ಮೊದಲು ಕೆಂಪಿನ ತಳ ಬೇಕು. ಅದರ ಮೇಲೆ ಬಂದ ಕಂದು ಮಾತ್ರ ನಿಲ್ಲುತ್ತದೆ.

ಸಂಸ್ಕೃತ ಗ್ರಂಥಗಳ ಪರಿಚಯವುಳ್ಳವರಿಗೆ ವರಾಹಮಿಹಿರನ ‘ಬೃಹತ್ಸಂಹಿತೆ’ಯ ಗಂಧಯುಕ್ತಿ ಪ್ರಕರಣವು ಕೇಶರಂಜನದಿಂದಲೇ ಆರಂಭವಾಗುವುದು ತಿಳಿದಿದೆ. ಅಲ್ಲಿನ ವಿಧಾನ ಕಬ್ಬಿಣ ಹಾಗೂ ಹುಳಿಯನ್ನು ಅವಲಂಬಿಸಿದ್ದು. ಅದರ ಗುರಿ ಕಪ್ಪು. ನಮಗೆ ಬೇಕಾದುದು ಕಂದು. ಅದಕ್ಕೆ ಒದಗುವ ಜೋಡಿ ಮದರಂಗಿ ಮತ್ತು ನೀಲಿ. ಮದರಂಗಿಯ ಎಲೆಯಲ್ಲಿ ‘ಲಾಸೋನ್’ ಎಂಬ ಕಿತ್ತಳೆಗೆಂಪು ದ್ರವ್ಯವಿದ್ದು, ಅದು ಕೂದಲಿನ ಸಾರದೊಡನೆಯೇ ಬಿಗಿಯಾಗಿ ಬೆಸೆದುಕೊಳ್ಳುತ್ತದೆ. ನೀಲಿಗಿಡದ ಎಲೆಯಲ್ಲಿರುವ ಸತ್ತ್ವವು ನೀರಿನಲ್ಲಿ ಬಿಡುಗಡೆಯಾಗಿ, ಗಾಳಿ ತಗುಲಿದಾಗ ನೀಲವರ್ಣಕ್ಕೆ ತಿರುಗುತ್ತದೆ. ಕಿತ್ತಳೆಯ ಮೇಲೆ ನೀಲಿ ಕೂಡಿದರೆ ಕಂದು. ಬಿಳಿಯ ಮೇಲೆ ನೀಲಿಯೊಂದೇ ಬಿದ್ದರೆ ನೀಲಿ ಬೂದು. ಅದೂ ಬಹುಕಾಲ ನಿಲ್ಲದು. ಆದುದರಿಂದ ಕ್ರಮವನ್ನು ಬದಲಿಸಲಾಗದು.

ನಮ್ಮ ತಂಗಿಗೆ ಸೊಸೆ ಮಾಡಿಸಿದ ಕ್ರಮವನ್ನೇ ಹೇಳುತ್ತೇನೆ. ಮೊದಲ ಕೆಲಸ ಪರೀಕ್ಷೆ. ಬಾಚಣಿಕೆಯಲ್ಲಿ ಬಂದ ಬಿಳಿಗೂದಲನ್ನು ಕೂಡಿಸಿ ದಾರದಿಂದ ಮೂರು ಸಣ್ಣ ಜುಟ್ಟು ಕಟ್ಟಿಸಿದಳು. ಮೂರಕ್ಕೂ ಮದರಂಗಿ ಹಚ್ಚಿ ತೊಳೆದು, ಅನಂತರ ನೀಲಿಯನ್ನು ಒಂದಕ್ಕೆ 30 ನಿಮಿಷ, ಇನ್ನೊಂದಕ್ಕೆ 60, ಮತ್ತೊಂದಕ್ಕೆ 120 ನಿಮಿಷ ಇರಿಸಿದಳು. ಎರಡು ದಿನ ಬಿಟ್ಟು ನೋಡಿದಾಗ ಮೊದಲನೆಯದು ತಾಮ್ರಗೆಂಪು, ಎರಡನೆಯದು ಕಂದು, ಮೂರನೆಯದು ಕಪ್ಪಿನ ಸಮೀಪ. ತಂಗಿ ಎರಡನೆಯದನ್ನು ಆರಿಸಿದಳು. ಅದೇ ವೇಳೆ ಎರಡೂ ಪುಡಿಗಳ ಲೇಪವನ್ನು ಕಿವಿಯ ಹಿಂದೆ ಅಷ್ಟಷ್ಟು ಹಚ್ಚಿ 48 ಗಂಟೆ ಕಾದು, ತುರಿಕೆ ಕೆಂಪು ಬಾರದಿರುವುದನ್ನು ಖಚಿತಪಡಿಸಿಕೊಂಡರು.

ಬೆಳಿಗ್ಗೆ 100 ಗ್ರಾಂ ಶುದ್ಧ ಮದರಂಗಿ ಪುಡಿಯನ್ನು ಉಗುರುಬೆಚ್ಚಗಿನ ಕುಡಿಯುವ ನೀರಿನಲ್ಲಿ ಮೊಸರಿನ ಹದಕ್ಕೆ ಕಲಸಿ ಮುಚ್ಚಿಟ್ಟರು. ಹೆಗಲಿನಿಂದ ಸ್ವಲ್ಪ ಕೆಳಗಿರುವ ಕೂದಲಿಗೆ ಇಷ್ಟು ಸಾಕು. ನಮ್ಮಲ್ಲಿ ಕಬ್ಬಿಣದ ಬಾಣಲೆಯಲ್ಲಿ ಚಹಾದ ಕಷಾಯ ಹಾಕಿ ನೆನೆಯಿಡುವ ರೂಢಿಯುಂಟು. ಇಲ್ಲಿ ಅದು ಬೇಡ. ಕಬ್ಬಿಣ ತಗುಲಿದರೆ ಕಿತ್ತಳೆ ಮಂಕಾಗುತ್ತದೆ, ನಮಗೆ ಬೇಕಾಗಿರುವುದೇ ಆ ಕಿತ್ತಳೆ. ಸ್ಟೀಲಿನ ಇಲ್ಲವೆ ಗಾಜಿನ ಪಾತ್ರೆ ಲೇಸು. ಚಳಿಗಾಲದಲ್ಲಿ ರಾತ್ರಿಯಿಡೀ ನೆನೆಯಬೇಕಾದ ಪುಡಿ ನಮ್ಮ ಬೇಸಿಗೆಯ ಬಿಸಿಲಿಗೆ ಮೂರು ನಾಲ್ಕು ಗಂಟೆಯಲ್ಲೇ ಸಿದ್ಧವಾಗುತ್ತದೆ. ಗುರುತು ಇಷ್ಟೇ: ಹಸಿರು ಲೇಪದ ಮೇಲ್ಪದರ ಕಂದಾಗಬೇಕು, ಮತ್ತು ಅಂಗೈಯಲ್ಲಿಟ್ಟ ಚಿಟಿಕೆ ಐದು ನಿಮಿಷದಲ್ಲಿ ಕಿತ್ತಳೆಯ ಕಲೆ ಬಿಡಬೇಕು. ಕಲೆ ಬಿಡದ ಪುಡಿ ಹಳೆಯದು. ಅದರಿಂದ ತಳ ಸಿದ್ಧಿಸುವುದಿಲ್ಲ.

ಹಿಂದಿನ ದಿನವೇ ಎಣ್ಣೆಯೆಲ್ಲ ಹೋಗುವಂತೆ ತಲೆ ತೊಳೆದಿರಬೇಕು. ಎಣ್ಣೆಯ ಮೇಲೆ ಯಾವ ಬಣ್ಣವೂ ಒಳಗಿಳಿಯದು. ಕಪೋಲದ ಬಳಿಯ ನರೆ ಬಿರುಸಾಗಿರುವುದರಿಂದ ಲೇಪನ ಅಲ್ಲಿಂದಲೇ ಆರಂಭವಾಗಬೇಕು. ಅದಕ್ಕೆ ಹೆಚ್ಚು ಸಮಯ ದೊರೆಯಬೇಕು. ತಂಗಿ ಮದರಂಗಿಯನ್ನು ಮೂರು ಗಂಟೆ ಇರಿಸಿಕೊಂಡು, ಶಾಂಪೂ ಇಲ್ಲದೆ ಬರಿಯ ನೀರಿನಿಂದ ತೊಳೆದಳು. ಆಗ ಕನ್ನಡಿ ನೋಡಿದವಳಿಗೆ ಗಾಬರಿ. ಬಿಳಿಯೆಲ್ಲ ಉರಿಯುವ ಕಿತ್ತಳೆಯಾಗಿತ್ತು! “ಯವ್ವಾ, ಮೊದಲಿನದs ಭೇಷಿತ್ತಲ್ಲಾ” ಎಂದಳು. “ಇಷ್ಟು ಕೆಂಪಾದ್ರನs ಛಲೋ ಕಂದ ಬರ್ತೈತ್ರಿ, ಅತ್ತೀ” ಎಂದಳು ಸೊಸೆ. ಇಲ್ಲಿ ಅಂಜಿ ಮದರಂಗಿಯನ್ನು ಅರ್ಧ ಗಂಟೆಗೇ ತೊಳೆದವರು ತೆಳುವಾದ ಹಳದಿ ತಳದ ಮೇಲೆ ನೀಲಿ ಹಚ್ಚಿ ಮತ್ತೆ ಹಸಿರನ್ನೇ ಪಡೆಯುತ್ತಾರೆ. ಬಹುಪಾಲು ವೈಫಲ್ಯಕ್ಕೆ ಇದೇ ಮೂಲ.

ಕೂದಲನ್ನು ಬಟ್ಟೆಯಿಂದ ಒರೆಸಿ ತುಸು ಆರಿಸಿದ ಮೇಲೆ ನೀಲಿಯ ಸರದಿ. ಅದರ ಸ್ವಭಾವ ಮದರಂಗಿಗೆ ವಿರುದ್ಧ. ಗಂಟೆಗಟ್ಟಲೆ ನೆನೆಯಿಡಲಾಗದು, ನಿಂಬೆರಸ ಸೇರಿಸಲಾಗದು; ಹುಳಿ ಅದಕ್ಕೆ ವೈರಿ. 100 ಗ್ರಾಂ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಹತ್ತು ಹದಿನೈದು ನಿಮಿಷ ಬಿಟ್ಟು, ಮೇಲೆ ನೀಲಿಯ ಛಾಯೆ ಮೂಡುತ್ತಲೇ ಹಚ್ಚತೊಡಗಬೇಕು. ತಡಮಾಡಿದರೆ ಅದರ ಶಕ್ತಿ ಬಟ್ಟಲಿನಲ್ಲಿಯೇ ತೀರಿಹೋಗುತ್ತದೆ. ಆದ್ದರಿಂದ ಒಬ್ಬರು ಹಚ್ಚಿದರೆ ಸಾಲದು, ಎರಡು ಕೈ ಬೇಕು. ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಪರೀಕ್ಷೆಯಲ್ಲಿ ಕಂಡಂತೆ 60 ನಿಮಿಷ ಕಾದು, ಬರಿಯ ನೀರಿನಿಂದ ತೊಳೆದರು.

ತೊಳೆದ ದಿನ ಮುಂಭಾಗದಲ್ಲಿ ತುಸು ಹಸಿರು ಕಂಡೀತು. ಅದು ದೋಷವಲ್ಲ. ನೀಲಿ ಗಾಳಿಯೊಡನೆ ಕೂಡಿ ಪಕ್ವವಾಗಲು ಒಂದೆರಡು ದಿನ ಬೇಕು. ಅಲ್ಲಿಯವರೆಗೆ ಶಾಂಪೂ ಮುಟ್ಟಬಾರದು. ಮೂರನೆಯ ದಿನವೂ ಹಸಿರು ಉಳಿದರೆ ತಳ ತೆಳುವಾಗಿದೆಯೆಂದು ತಿಳಿದು, ಆ ಭಾಗಕ್ಕೆ ಮದರಂಗಿಯನ್ನೇ ಮತ್ತೊಮ್ಮೆ ಹಚ್ಚಬೇಕು, ನೀಲಿಯನ್ನಲ್ಲ. ತೀರ ಕೆಂಪು ಉಳಿದರೆ ಮಾತ್ರ ನೀಲಿಯನ್ನು ಇನ್ನೊಂದು ಅರ್ಧ ಗಂಟೆ. ನಮ್ಮ ತಂಗಿಗೆ ಎರಡೂ ಬೇಕಾಗಲಿಲ್ಲ. ಮೂರನೆಯ ದಿನ ಬಿಸಿಲಿಗೆ ನಿಂತಾಗ ಮುಂಭಾಗ ತಿಳಿಗಂದಾಗಿ, ಹಿಂಭಾಗ ಗಾಢವಾಗಿ, ಎರಡೂ ಒಂದೇ ತಲೆಯ ಕೂದಲಾಗಿ ಕಂಡವು. ಪಾಚಿಯ ಸುಳಿವಿರಲಿಲ್ಲ.

ನಾಲ್ಕೈದು ವಾರಗಳಲ್ಲಿ ಬುಡದಲ್ಲಿ ಬಿಳುಪು ಮತ್ತೆ ಹುಟ್ಟುತ್ತದೆ. ಆಗ ಬುಡಕ್ಕೆ ಮಾತ್ರ ಎರಡೂ ಹಂತ ಮಾಡಬೇಕು. ಪ್ರತಿ ಸಲ ತುದಿಯವರೆಗೆ ಹಚ್ಚುತ್ತ ಹೋದರೆ ತುದಿ ಕಪ್ಪಾಗಿ ಬುಡ ಕಂದಾಗಿ ಬೇರೆ ಬೇರೆ ಕಾಣುತ್ತವೆ.

ಡಬ್ಬಿಯ ರಾಸಾಯನಿಕ ಬಣ್ಣವನ್ನೇ ಬಳಸುವವರಿಗೂ ತತ್ತ್ವ ಇದೇ. ವೃತ್ತಿಯವರು ಬೇಕಾದ ಕಂದಿಗಿಂತ ಒಂದೆರಡು ಮೆಟ್ಟಿಲು ತಿಳಿಯಾದ ಬಂಗಾರ ಇಲ್ಲವೆ ತಾಮ್ರದ ಛಾಯೆಯ ಬಣ್ಣವನ್ನು, ಪೆರಾಕ್ಸೈಡ್ ಸೇರಿಸದೆ, ನೀರಿನಲ್ಲಿ ತೆಳುಮಾಡಿ ನರೆಗೆ ಮೊದಲು ಹಚ್ಚಿ, ಸುಮಾರು ಇಪ್ಪತ್ತು ನಿಮಿಷದ ಮೇಲೆ ಒರೆಸಿ, ತೊಳೆಯದೆಯೇ ಅದರ ಮೇಲೆ ಕಂದನ್ನು ಕೊಡುತ್ತಾರೆ. ಇದು ಅವರ ಕೈಗೇ ಒಪ್ಪಿಸುವ ಕೆಲಸ.

ಇನ್ನು ಎಚ್ಚರದ ಮಾತು. ‘ಕಾಳಿ ಮೆಹಂದಿ’ ಎಂದು ಮಾರುವ, ಹತ್ತೇ ನಿಮಿಷದಲ್ಲಿ ಕಪ್ಪು ಮಾಡುವ ಪುಡಿ ಮದರಂಗಿಯಲ್ಲ. ಅಂಥವುಗಳಲ್ಲಿ ಪಿ.ಪಿ.ಡಿ. ಎಂಬ ರಾಸಾಯನಿಕವಿರುವುದುಂಟು; ಒಗ್ಗದವರಿಗೆ ಮುಖ ಕಣ್ಣು ಬಾತು ಪ್ರಾಣಕ್ಕೇ ಸಂಚಕಾರವಾಗಬಲ್ಲದು. ಡಬ್ಬಿಯ ಮೇಲೆ ಮದರಂಗಿ ಎಲೆ ಅಥವಾ ನೀಲಿ ಎಲೆ ಎಂಬ ಒಂದೇ ಹೆಸರಿರಬೇಕು. ಮತ್ತೊಂದು ಮಿತಿ: ಈ ಬಣ್ಣ ಸುಲಭವಾಗಿ ಹೋಗುವಂಥದ್ದಲ್ಲ. ಮುಂದೆ ಕೂದಲನ್ನು ಬ್ಲೀಚ್ ಮಾಡಿಸುವ ವಿಚಾರವಿದ್ದವರು ನೀಲಿಯನ್ನು ಮುಟ್ಟದಿರುವುದೇ ಲೇಸು. ಬ್ಲೀಚಿಗೆ ಅದು ಹಸಿರಾಗಿ ನಿಂತುಬಿಡುತ್ತದೆ.

ತಂಗಿ ಈಗ ಅಂಗಳದ ಬಿಸಿಲಿನಲ್ಲಿ ಸೆರಗಿಲ್ಲದೆ ಕುಳಿತು ಜೋಳ ಹಸನು ಮಾಡುತ್ತಾಳೆ. ಮೊನ್ನೆ ಹೋದಾಗ ಮೊರದಿಂದ ಜೊಳ್ಳನ್ನು ತೂರುತ್ತ ನನ್ನ ತಲೆಯ ಕಡೆ ನೋಡಿ, “ಅಣ್ಣಾ, ನಿನಗೂ ಒಂದ ಜುಟ್ಟು ಪರೀಕ್ಷಾ ಮಾಡೂಣೇನ?” ಎಂದು ಕೇಳಿದಳು. ನಾನು ನಕ್ಕು ಪೇಟವನ್ನು ಸರಿಮಾಡಿಕೊಂಡೆ.