ಆ ಪತ್ರದಲ್ಲಿ ಇರಬೇಕಾದದ್ದು

2021ರ ಮೇ ಕೊನೆಯ ವಾರ. ವರ್ಕ್ ಫ್ರಮ್ ಹೋಮ್ ಅಂತ ನಾನು ರಾಯಚೂರಿನ ಮನೆಯಲ್ಲಿದ್ದೆ. ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಕಾಕಾ ಒಂದು ಪತ್ರ ತಂದು, "ತಮ್ಮಾ, ಇದನ್ನ ಟೈಪ್ ಮಾಡಿಕೊಡಪಾ" ಅಂದ್ರು. ಅರವತ್ತು ದಾಟಿದವರಿಗೆ ಬಡಾವಣೆಯಲ್ಲೇ ಲಸಿಕಾ ಶಿಬಿರ ಮಾಡಬೇಕೆಂದು ಆರೋಗ್ಯ ಕೇಂದ್ರಕ್ಕೆ ಮನವಿ. ಇಡೀ ಪುಟ ತುಂಬ ವಿನಂತಿ ಇತ್ತು, ಒಂದು ಅಂಕಿಯೂ ಇರಲಿಲ್ಲ.

ಸಮಯ ಮಾತ್ರ ಸರಿಯಾಗಿತ್ತು. ಮನೆ ಹತ್ತಿರದ ಲಸಿಕಾ ಕೇಂದ್ರಗಳ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ ಮೇ 27ರಂದು ಮಾರ್ಗಸೂಚಿ ಕೊಟ್ಟಿತ್ತು. ಹಿರಿಯರಿಗೆ ಮತ್ತು ಅಂಗವಿಕಲರಿಗೆ ಸಮುದಾಯ ಭವನ, ಶಾಲೆ, ನಿವಾಸಿಗಳ ಸಂಘದ ಕಚೇರಿಗಳಲ್ಲೂ ಲಸಿಕೆ ಹಾಕಬಹುದಿತ್ತು. ಆದರೆ ಅಂಥ ಜಾಗವನ್ನು ಈಗಾಗಲೇ ಇರುವ ಒಂದು ಲಸಿಕಾ ಕೇಂದ್ರಕ್ಕೆ ಜೋಡಿಸಬೇಕು. ಲಸಿಕೆ, ಸಿಬ್ಬಂದಿ ಎರಡೂ ಬರುವುದು ಅಲ್ಲಿಂದಲೇ.

ಪತ್ರ ಓದಿದ ವೈದ್ಯಾಧಿಕಾರಿ ಒಂದೇ ಪ್ರಶ್ನೆ ಕೇಳಿದರು: "ಎಷ್ಟು ಮಂದಿಗೆ ಯಾವ ಡೋಸ್ ಬೇಕ್ರಿ? ಅದು ಗೊತ್ತಾಗದೆ ನಾ ಎಷ್ಟು ವೈಯಲ್ ಕೇಳಲಿ?"

ಒಂದು ಕೋವಿಶೀಲ್ಡ್ ವೈಯಲ್‌ನಲ್ಲಿ ಹತ್ತು ಡೋಸ್. ತೆರೆದರೆ ನಾಲ್ಕು ತಾಸಿನೊಳಗೆ ಮುಗಿಯಬೇಕು, ಉಳಿದದ್ದು ವ್ಯರ್ಥ. ಇನ್ನೊಂದು ತೊಡಕು ಅಂತರದ್ದು. ಕೋವಿಶೀಲ್ಡ್ ಎರಡನೇ ಡೋಸಿನ ಅಂತರವನ್ನು ಮೇ 13ರಂದು 12ರಿಂದ 16 ವಾರಕ್ಕೆ ಏರಿಸಿದ್ದರು. ಅಂದರೆ ಕನಿಷ್ಠ 84 ದಿನ. ನಾವು ಕೇಳುತ್ತಿದ್ದದ್ದು ಜೂನ್ 12, ಶನಿವಾರ. ಅಂದು ಎರಡನೇ ಡೋಸ್ ಸಿಗುವುದು ಮಾರ್ಚ್ 20ರ ಒಳಗೆ ಮೊದಲನೆಯದು ಹಾಕಿಸಿಕೊಂಡವರಿಗೆ ಮಾತ್ರ.

ಕಾಕಾ, ನಾನು ಮನೆಮನೆ ತಿರುಗಿ ಪಟ್ಟಿ ಮಾಡಿದೆವು. ಒಟ್ಟು 48 ಹಿರಿಯರು. ಇಬ್ಬರು ಹಾಸಿಗೆ ಹಿಡಿದವರು. 22 ಜನ ಒಂದೂ ಡೋಸ್ ಹಾಕಿಸಿರಲಿಲ್ಲ. 21 ಜನರಿಗೆ ಕೋವಿಶೀಲ್ಡ್ ಮೊದಲ ಡೋಸ್ ಆಗಿತ್ತು, ಮೂವರಿಗೆ ಕೋವ್ಯಾಕ್ಸಿನ್. ಆ 21ರಲ್ಲಿ 84 ದಿನ ತುಂಬುವುದು 13 ಜನರಿಗೆ. ಮಾನ್ವಿಯಲ್ಲಿ ಹಾಕಿಸಿಕೊಂಡು ಬಂದಿದ್ದ ನಿವೃತ್ತ ಮೇಷ್ಟ್ರ ಚೀಟಿಯಲ್ಲಿ ಮಾರ್ಚ್ 23 ಇತ್ತು. ಮೂರೇ ದಿನ ಕಮ್ಮಿ, ಆದರೂ ಕೋವಿನ್ ತಂತ್ರಾಂಶ ಬಿಡುವುದಿಲ್ಲ. 22 ಮತ್ತು 13 ಸೇರಿ 35. ನಾಲ್ಕು ವೈಯಲ್ ಅಂದರೆ 40 ಡೋಸ್. ಉಳಿಯುವ ಐದಕ್ಕೆ ಪಕ್ಕದ ಓಣಿಯ ಐವರು ಹಿರಿಯರ ಹೆಸರು ಬರೆದುಕೊಂಡೆವು. ಕೋವ್ಯಾಕ್ಸಿನ್‌ನ ಮೂವರಿಗಾಗಿ ಬೇರೆ ವೈಯಲ್ ತೆರೆಸುವುದು ಸರಿಯಲ್ಲ, ಅವರು ಆಸ್ಪತ್ರೆಗೇ ಹೋಗುವುದೆಂದಾಯಿತು.

ದೊಡ್ಡ ತಪ್ಪು ಆಗುವುದರಲ್ಲಿದ್ದದ್ದು ದೇವದುರ್ಗದಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿಯ ವಿಷಯದಲ್ಲಿ. ಊರಲ್ಲಿ ಮೊದಲ ಡೋಸ್ ಹಾಕಿದಾಗ ಯಾರದೋ ಮೊಬೈಲ್ ನಂಬರ್ ಕೊಟ್ಟಿದ್ದರು. "ಈಗ ನನ್ನ ನಂಬರ್ ಹಾಕಿದ್ರಾತು ಬಿಡ್ರಿ" ಅಂದ ಮಗ. ಹಾಗೆ ಹೊಸದಾಗಿ ನೋಂದಾಯಿಸಿದರೆ ಎರಡನೇ ಡೋಸೂ ಮೊದಲನೆಯದೇ ಎಂದು ದಾಖಲಾಗುತ್ತದೆ, ಕೊನೆಗೆ ಕೈಯಲ್ಲಿ ಎರಡು ಮೊದಲ ಡೋಸ್ ಪ್ರಮಾಣಪತ್ರ. ಗುರುತಿಸುವುದು ಸುಲಭ: ಲಾಗಿನ್ ಆದಾಗ ಹೆಸರಿನ ಪಕ್ಕ Partially Vaccinated ಅಂತ ಕಾಣಬೇಕು. Not Vaccinated ಅಂದರೆ ಅದು ತಪ್ಪು ಖಾತೆ. ಊರಿಗೆ ನಾಲ್ಕು ಫೋನ್ ಮಾಡಿದ ಮೇಲೆ ಹಳೆಯ ನಂಬರ್ ಸಿಕ್ಕಿತು. ಆಗ ಒಂದು ನಂಬರಿನಲ್ಲಿ ನಾಲ್ವರು ಇರಬಹುದಿತ್ತು, ಹಾಗಾಗಿ ಪಕ್ಕದ ಮನೆಯವರ ಖಾತೆಯಲ್ಲಿ ಅಜ್ಜಿ ಕೂತಿದ್ದರು.

ಎರಡನೇ ಪತ್ರ ಮುಕ್ಕಾಲು ಪುಟ. ಅದರ ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ, ನಮ್ಮ ಸಂಘದ ಸಭಾಭವನವನ್ನು ತಮ್ಮ ಕೇಂದ್ರಕ್ಕೆ ಜೋಡಿಸಿ, ಜೂನ್ 12ರಂದು ಶಿಬಿರ ನಡೆಸಲು ಕೋರುತ್ತೇವೆ. ಕೋವಿಶೀಲ್ಡ್ ಮೊದಲ ಡೋಸ್ 22, ಎರಡನೇ ಡೋಸ್ 13, ಕಾಯ್ದಿರಿಸಿದವರು 5. ಹೆಸರು, ಮೊಬೈಲ್, ಗುರುತಿನ ಚೀಟಿ, ಮೊದಲ ಡೋಸಿನ ದಿನಾಂಕ ಲಗತ್ತಿಸಿದೆ. ಕಾಯಲು, ಲಸಿಕೆ ಹಾಕಲು, ನಿಗಾದಲ್ಲಿರಲು ಮೂರು ಪ್ರತ್ಯೇಕ ಕೋಣೆಗಳಿವೆ, ಮೆಟ್ಟಿಲಿಲ್ಲ. ಹಾಸಿಗೆ ಹಿಡಿದ ಇಬ್ಬರ ವಿವರ ಬೇರೆ ಹಾಳೆಯಲ್ಲಿದೆ."

ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೂ ಕೊಟ್ಟೆವು, ಯಾಕೆಂದರೆ ಜಾಗ ಒಪ್ಪುವುದು ಕಾರ್ಯಪಡೆ, ವೈದ್ಯಾಧಿಕಾರಿ ಒಬ್ಬರೇ ಅಲ್ಲ. ಶಿಬಿರ ಅದೇ ಶನಿವಾರ ನಡೆಯಿತು. ಮೂರು ನಿಮಿಷಕ್ಕೊಬ್ಬರಂತೆ ಹಾಕಿದರೆ, ಅರ್ಧ ತಾಸಿನ ನಿಗಾ ಕೋಣೆಯಲ್ಲಿ ಒಮ್ಮೆಗೆ ಹತ್ತು ಜನ ಇರುತ್ತಾರೆ. ಹನ್ನೆರಡು ಕುರ್ಚಿ ಹಾಕಿದ್ದೆವು, ಸಾಕಾಯಿತು. ಇಬ್ಬರಿಗೆ ಜ್ವರವಿದ್ದು ಬರಲಿಲ್ಲ, ಪಕ್ಕದ ಓಣಿಯವರು ಮತ್ತಿಬ್ಬರನ್ನು ಕರೆತಂದರು. ಡೋಸ್ ಯಾವುದೂ ಉಳಿಯಲಿಲ್ಲ.

ಬೇರೆ ಹಾಳೆಯ ಇಬ್ಬರಿಗೆ ಮಾತ್ರ ಅಂದು ಏನೂ ಆಗಲಿಲ್ಲ. ಮನೆಗೇ ಹೋಗಿ ಲಸಿಕೆ ಹಾಕಲು ಕೇಂದ್ರ ಸರ್ಕಾರ ಒಪ್ಪಿದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಒಬ್ಬರು ತೀರಿಕೊಂಡಿದ್ದರು, ವಯಸ್ಸಿನ ಕಾರಣಕ್ಕೆ. ಕಾಕಾ ಅದೇ ಹಾಳೆ ತೆಗೆದು, ಒಂದು ಹೆಸರು ಹೊಡೆದು ಹಾಕಿ, ಇನ್ನೊಂದಕ್ಕೆ ಹೊಸ ಪತ್ರ ಬರೆಸಿದರು. ಈ ಸಲ ಎಲ್ಲ ವಿವರ ಅವರೇ ಹೇಳಿದರು, ನಾನು ಬರೀ ಟೈಪ್ ಮಾಡಿದೆ.