ಲೆಕ್ಕದ ಪುಟ: ಐವತ್ತು ರೂಪಾಯಿ ವ್ಯತ್ಯಾಸದ ಒಳಗೆ ಏನಿತ್ತು?

ಈ ತಿಂಗಳ ಪ್ರಶ್ನೆ ಸ್ಯಾನ್ ಡಿಯಾಗೋದ ಓದುಗರೊಬ್ಬರದ್ದು. ಅವರ ತಮ್ಮ ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ನಡೆಸ್ತಾರೆ. ಬಂಡವಾಳದಲ್ಲಿ ಇವರದ್ದೂ ಪಾಲಿದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ತಮ್ಮ ಎರಡು ಫೋಟೋ ಕಳಿಸ್ತಾರೆ: ಒಂದು ಮಾರಾಟದ ಪುಸ್ತಕದ್ದು, ಇನ್ನೊಂದು ಯುಪಿಐ ಆ್ಯಪಿನ ಆ ದಿನದ ಮೊತ್ತದ್ದು. "ಸರ್, ದಿನಾ ಐವತ್ತೋ ನೂರೋ ಕಮ್ಮಿ ಬರುತ್ತೆ. ಕೌಂಟರಿನಲ್ಲಿ ಕೂರುವ ಹುಡುಗನ ಮೇಲೆ ತಮ್ಮನಿಗೆ ಅನುಮಾನ. ಬಿಡಿಸಿಬಿಡ್ಲಾ ಅಂತಿದ್ದಾನೆ. ಏನು ಮಾಡೋದು?" ಅಂತ ಕೇಳಿದ್ರು.

ಹುಡುಗನ್ನ ಬಿಡಿಸೋದು ಆಮೇಲೆ, ಮೊದಲು ಒಂದು ದಿನದ ಪೂರ್ತಿ ಪಟ್ಟಿ ತರಿಸಿ ಅಂದೆ. ಮೊತ್ತ ಅಲ್ಲ, ಪಟ್ಟಿ. ಪುಸ್ತಕದಿಂದ ಪ್ರತಿ ಬಿಲ್ಲಿನ ಸಮಯ ಮತ್ತು ಹಣ, ಆ್ಯಪಿನಿಂದ ಪ್ರತಿ ಜಮೆಯ ಸಮಯ, ಹಣ ಮತ್ತು ಹನ್ನೆರಡು ಅಂಕಿಯ ಯುಪಿಐ ನಂಬರು.

ಆ ದಿನ ಪುಸ್ತಕದಲ್ಲಿ ಯುಪಿಐ ಅಂತ ಬರೆದ ಬಿಲ್ಲು 64, ಮೊತ್ತ ₹18,460. ಆ್ಯಪಿನಲ್ಲಿ ಬಂದ ಜಮೆಯೂ 64, ಮೊತ್ತ ₹18,410. ಸಂಖ್ಯೆ ಸರಿಯಾಗಿದೆ, ಹಣ ಬರೀ ಐವತ್ತು ಕಮ್ಮಿ. ಯಾರಾದ್ರೂ ಇಷ್ಟಕ್ಕೇ ಪುಸ್ತಕ ಮುಚ್ಚಿಬಿಡ್ತಾರೆ. ನಾವು ಮುಚ್ಚಲಿಲ್ಲ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟುಕೊಂಡು, ಒಂದು ಬಿಲ್ಲಿಗೆ ಒಂದು ಜಮೆ ಅಂತ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಾ ಹೋದೆವು. ಮೊದಲು ಹಣ ನೋಡೋದು, ಒಂದೇ ಹಣದ ಬಿಲ್ಲು ಎರಡು ಮೂರು ಇದ್ದರೆ ಸಮಯ ನೋಡೋದು. ಮುಕ್ಕಾಲು ಗಂಟೆ ಹಿಡಿಯಿತು. ಟಿಕ್ ಬೀಳದೆ ಉಳಿದದ್ದು ಇವು:

ಪುಸ್ತಕದಲ್ಲಿದೆ, ಹಣ ಬಂದಿಲ್ಲ: ₹640 (ರಾತ್ರಿ 8.42), ₹350 (ಮಧ್ಯಾಹ್ನ 1.15)
ಎರಡೂ ಕಡೆ ಇದೆ, ಹಣ ಬೇರೆ: ಬಿಲ್ಲು ₹275, ಬಂದದ್ದು ₹257
ಹಣ ಬಂದಿದೆ, ಬಿಲ್ಲಿಲ್ಲ: ₹458, ₹500

ಕೂಡಿ ನೋಡಿ. ಬರದೇ ಹೋದದ್ದು 640, 350 ಮತ್ತು 18, ಒಟ್ಟು ₹1,008. ಬಿಲ್ಲಿಲ್ಲದೆ ಬಂದದ್ದು ₹958. ಇವೆರಡರ ನಡುವಿನ ವ್ಯತ್ಯಾಸವೇ ಆ ಐವತ್ತು ರೂಪಾಯಿ. ಅಂದರೆ ಅಂಗಡಿಗೆ ಅವತ್ತು ಕಮ್ಮಿ ಬಿದ್ದದ್ದು ಐವತ್ತಲ್ಲ, ಸಾವಿರದ ಎಂಟು. ಸಂಬಂಧವಿಲ್ಲದ ಹಣ ಅದನ್ನ ಮುಚ್ಚಿಟ್ಟಿತ್ತು. ಮೊತ್ತಕ್ಕೆ ಮೊತ್ತ ತಾಳೆ ನೋಡಿದರೆ ಆಗೋದೇ ಇದು: ಒಂದು ತಪ್ಪು ಇನ್ನೊಂದನ್ನು ನುಂಗಿಬಿಡುತ್ತೆ.

ಇನ್ನು ಒಂದೊಂದಾಗಿ ನೋಡೋಣ.

₹640ರದ್ದು ನಿಜವಾದ ಫೇಲ್ ಆದ ಪಾವತಿ. ರಾತ್ರಿ ರಷ್, ಗಿರಾಕಿಯ ಫೋನಿನಲ್ಲಿ ಚಕ್ರ ತಿರುಗುತ್ತಾ ಇತ್ತು, "ಹೋಗುತ್ತೆ ಬಿಡಿ" ಅಂತ ಸಾಮಾನು ಕೊಟ್ಟು ಬರೆದುಕೊಂಡರು. ಗಿರಾಕಿ ಖಾತೆಯಿಂದ ಹಣ ಕಟ್ ಆಗಿದೆ, ಅಂಗಡಿಗೆ ಮುಟ್ಟಿಲ್ಲ. ಇಂಥದ್ದಕ್ಕೆ ರಿಸರ್ವ್ ಬ್ಯಾಂಕಿನ 2019ರ ನಿಯಮವಿದೆ: ವ್ಯಾಪಾರಿಗೆ ಮಾಡಿದ ಪಾವತಿ ಹೀಗೆ ಸಿಕ್ಕಿಕೊಂಡರೆ, ಆದ ದಿನ ಬಿಟ್ಟು ಐದು ದಿನದೊಳಗೆ ಹಣ ತಾನಾಗಿ ಗಿರಾಕಿಗೆ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ ಅವರಿಗೇ ಸೇರಬೇಕು. ಗಮನಿಸಿ, ಹಣ ವಾಪಸ್ ಹೋಗೋದು ಗಿರಾಕಿಗೆ, ಅಂಗಡಿಗಲ್ಲ. ಕಾಯುತ್ತಾ ಕೂತರೆ ಅದು ಅಂಗಡಿಗೆ ಬರೋದಿಲ್ಲ, ಮತ್ತೆ ಕೇಳಿ ಇಸ್ಕೊಳ್ಳಬೇಕು. ಈ ಗಿರಾಕಿ ಪರಿಚಯದವರು. ಎರಡು ದಿನದಲ್ಲಿ ಅವರಿಗೆ ವಾಪಸ್ ಬಂತು, ನಗದು ಕೊಟ್ಟರು. ಪುಸ್ತಕದಲ್ಲಿ ಆ ಬಿಲ್ಲನ್ನ ಹೊಡೆದುಹಾಕಬಾರದು, ಯಾಕೆಂದರೆ ಸಾಮಾನು ಹೋಗಿದೆ, ಮಾರಾಟ ಆಗಿದೆ. ಯುಪಿಐ ಕಾಲಮಿನಿಂದ ತೆಗೆದು "ಬರಬೇಕಾದ್ದು" ಕಾಲಮಿಗೆ ಹಾಕಿ, ಬಂದ ದಿನ ನಗದಿಗೆ ಜಮಾ ಮಾಡಬೇಕು.

₹350ರದ್ದು ಬೇರೆ ಕಥೆ. ಗೊತ್ತಿಲ್ಲದ ಗಿರಾಕಿ ಹಣ ಹೋಗಿದೆ ಅಂತ ಫೋನ್ ತೋರಿಸಿದ. ಸೌಂಡ್ ಬಾಕ್ಸ್ ಮಾತಾಡಿರಲಿಲ್ಲ, ನೆಟ್ ಇಲ್ಲವೇನೋ ಅಂತ ಹುಡುಗ ನಂಬಿದ. ಆ ದಿನವೂ ಬರಲಿಲ್ಲ, ವಾರ ಕಳೆದರೂ ಬರಲಿಲ್ಲ. ಇದು ನಷ್ಟ, ನಷ್ಟ ಅಂತಲೇ ಬರೆಯಬೇಕು. ಗಿರಾಕಿಯ ಪರದೆ ರಸೀದಿ ಅಲ್ಲ. ಸೌಂಡ್ ಬಾಕ್ಸ್ ಸುಮ್ಮನಿದ್ದರೆ ಅಂಗಡಿಯ ಆ್ಯಪ್ ತೆರೆದು ಆ ಹಣ ಕಾಣ್ತಾ ಇದೆಯಾ ಅಂತ ನೋಡಬೇಕು, ಕಂಡರೆ ಮಾತ್ರ ಬಂದಂತೆ.

₹275ಕ್ಕೆ ₹257 ಬಂದದ್ದು ಗಿರಾಕಿ ಅಂಕಿ ತಿರುಗುಮುರುಗಾಗಿ ಒತ್ತಿದ್ದು. ಲೆಕ್ಕ ಬರೆಯೋರಿಗೆ ಇದು ಹಳೇ ಗುಟ್ಟು: ಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತೆ. ಇಲ್ಲಿ 18. ವ್ಯತ್ಯಾಸ 9, 18, 27, 90 ಹೀಗೆ ಬಂದರೆ ಮೊದಲು ಹುಡುಕಬೇಕಾದ್ದು ಇದನ್ನೇ.

₹458 ಎರಡು ಸಲ ಬಂದದ್ದು. ಒಂದೇ ಹಣ, ಎರಡು ನಿಮಿಷದ ಅಂತರ, ಹನ್ನೆರಡು ಅಂಕಿಯ ನಂಬರು ಮಾತ್ರ ಬೇರೆ ಬೇರೆ. ಮೊದಲನೆಯದು ಸಿಕ್ಕಿಕೊಂಡಿದೆ ಅಂತ ಗಿರಾಕಿ ಮತ್ತೆ ಕಳಿಸಿದ್ದಾರೆ, ಆಮೇಲೆ ಎರಡೂ ಮುಟ್ಟಿದೆ. ಇದು ಅಂಗಡಿಯ ಹಣ ಅಲ್ಲ, ಸಾಲ. ಬಂದ ದಾರಿಯಲ್ಲೇ ಆ್ಯಪಿನಿಂದ ವಾಪಸ್ ಮಾಡಿ, ಆ ನಂಬರಿನ ಮುಂದೆ ಬರೆದಿಡಿ. ನಗದು ಕೊಟ್ಟರೆ ಗುರುತು ಉಳಿಯೋದಿಲ್ಲ.

ಕಡೇದು ₹500. ಅದನ್ನ ಕಳಿಸಿದ್ದು ಪ್ರಶ್ನೆ ಕೇಳಿದ ಅಣ್ಣನೇ! ಅಮ್ಮನ ಮಾತ್ರೆಗೆ ಅಂತ ಸ್ಯಾನ್ ಡಿಯಾಗೋದಿಂದ ಹಾಕಿದ್ದರು. ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ ಅಮೆರಿಕದ ಫೋನ್ ನಂಬರಿನಲ್ಲೇ ಯುಪಿಐ ಮಾಡಲು 2023ರಲ್ಲಿ ಅವಕಾಶವಾದ ಮೇಲೆ ನಮ್ಮಲ್ಲಿ ಬಹಳ ಜನ ಹೀಗೆ ಮಾಡ್ತಾರೆ. ತಪ್ಪಲ್ಲ, ಆದರೆ ಅಂಗಡಿಯ ಕ್ಯೂಆರ್‌ಗೆ ಬೇಡ, ಮನೆಯ ಖಾತೆಗೆ ಹಾಕಿ.

ಯಾಕೆ ಅಂದರೆ 2025ರ ಜುಲೈಯಲ್ಲಿ ಏನಾಯ್ತು ನೆನಪಿದೆಯಲ್ಲ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬೋರ್ಡ್ ಬಿತ್ತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. "ಇದೆಲ್ಲ ವ್ಯಾಪಾರದ ದುಡ್ಡಲ್ಲ, ಮನೆಯವರು ಕಳಿಸಿದ್ದೂ ಕೈಸಾಲವೂ ಸೇರಿದೆ" ಅಂತ ವ್ಯಾಪಾರಿಗಳು ಹೇಳಿದರು. ನಿಜವೇ ಇರಬಹುದು, ಆದರೆ ಅದನ್ನ ತೋರಿಸೋಕೆ ಆ ದಿನವೇ ಬರೆದ ಸಾಲು ಬೇಕು. ಮೂರು ವರ್ಷದ ಮೇಲೆ ಯಾವ ₹500 ಅಮ್ಮನ ಮಾತ್ರೆಯದ್ದು ಅಂತ ಯಾರಿಗೆ ನೆನಪಿರುತ್ತೆ?

ಇಲ್ಲಿಂದ ಕೂತು ನೋಡುವವರಿಗೆ ಸಮಯದ ವಿಷಯದಲ್ಲೂ ಒಂದು ಮಾತು. ಸೋಮವಾರ ಬೆಳಿಗ್ಗೆ 11ಕ್ಕೆ ದಾವಣಗೆರೆಯಲ್ಲಿ ಆದ ಮಾರಾಟ ಇಲ್ಲಿ ಬೇಸಿಗೆ ಸಮಯದಲ್ಲಿ ಭಾನುವಾರ ರಾತ್ರಿ 10.30. ನಿಮ್ಮ ಫೋನು ಅಥವಾ ಶೀಟು ಇಲ್ಲಿನ ಗಡಿಯಾರ ಹಿಡಿದರೆ ಒಂದು ದಿನದ ವ್ಯಾಪಾರ ಎರಡು ತಾರೀಖಿಗೆ ಹರಿದುಹೋಗಿ, ಇಲ್ಲದ ವ್ಯತ್ಯಾಸ ಕಾಣಿಸುತ್ತೆ. ಪಟ್ಟಿ ಯಾವ ಊರಿನ ಸಮಯದಲ್ಲಿದೆ ಅಂತ ಮೊದಲು ನೋಡಿಕೊಳ್ಳಿ.

ಈಗ ನಮ್ಮ ಕೌಂಟರಿಗೆ ಬರೋಣ. ಆರ್ಟೀಷಿಯಾದ ಪಯೊನಿಯರ್ ಬೂಲವಾರ್ಡಿನ ಅಂಗಡಿಗಳಲ್ಲೋ ಸ್ಯಾನ್ ಡಿಯಾಗೋದ ಗ್ಯಾಸ್ ಸ್ಟೇಷನ್ನಿನಲ್ಲೋ ನಿಂತು ಕೆಲಸ ಮಾಡೋರಿಗೆ ಇದೇ ಪೆನ್ಸಿಲ್ ಕೆಲಸ ಕಾರ್ಡಿನದ್ದು. ಇಲ್ಲಿ ಎರಡಲ್ಲ, ಮೂರು ಪಟ್ಟಿ: ರಿಜಿಸ್ಟರಿನಲ್ಲಿ ಕಾರ್ಡ್ ಅಂತ ಒತ್ತಿದ ಬಿಲ್ಲುಗಳು, ಕಾರ್ಡ್ ಮೆಷಿನ್ನಿನ ಬ್ಯಾಚ್ ರಿಪೋರ್ಟು, ಬ್ಯಾಂಕಿಗೆ ಬಂದ ಹಣ. ಒಂದು ಉದಾಹರಣೆ ತಗೊಳ್ಳಿ. ರಿಜಿಸ್ಟರಿನಲ್ಲಿ 41 ಬಿಲ್ಲು, $1,284.60. ಬ್ಯಾಚಿನಲ್ಲಿ 40, $1,236.35. ಬ್ಯಾಂಕಿಗೆ ಬಂದದ್ದು $1,204.95. ಬ್ಯಾಚಿಗೂ ಬ್ಯಾಂಕಿಗೂ ನಡುವಿನ $31.40 ಕಾರ್ಡ್ ಕಂಪನಿಯ ಚಾರ್ಜು. ಕೆಲವು ಕಡೆ ದಿನಾ ಹಿಡಿಯುತ್ತಾರೆ, ಕೆಲವು ಕಡೆ ತಿಂಗಳ ಕೊನೆಗೆ. ಶುಕ್ರವಾರ ಶನಿವಾರದ್ದು ಸೋಮವಾರವೋ ಮಂಗಳವಾರವೋ ಬರುತ್ತೆ. ಇದಕ್ಕೂ ಕೌಂಟರಿನಲ್ಲಿ ನಿಂತವರಿಗೂ ಸಂಬಂಧವೇ ಇಲ್ಲ.

ನಿಮಗೆ ಸಂಬಂಧಪಟ್ಟದ್ದು ರಿಜಿಸ್ಟರಿಗೂ ಬ್ಯಾಚಿಗೂ ನಡುವಿನ $48.25. ಅದು ಒಂದೇ ಬಿಲ್ಲಿನದು. ಕಾರ್ಡ್ ಮೆಷಿನ್ನು ರಿಜಿಸ್ಟರಿಗೆ ಜೋಡಿಸಿರದ ಅಂಗಡಿಯಲ್ಲಿ ಇದು ಸಾಮಾನ್ಯ. ಗಿರಾಕಿ ಕಾರ್ಡನ್ನ ಬೇಗ ಎಳೆದುಕೊಂಡಿರ್ತಾರೆ, ಮೆಷಿನ್ನು ಒಪ್ಪಿರೋದಿಲ್ಲ, ಅಷ್ಟರಲ್ಲಿ ನಾವು ರಿಜಿಸ್ಟರಿನಲ್ಲಿ ಕಾರ್ಡ್ ಒತ್ತಿಬಿಟ್ಟಿರ್ತೀವಿ. ಗುರುತು ಅಂದರೆ ಅಪ್ರೂವಲ್ ಕೋಡ್. ಆ ಬಿಲ್ಲಿಗೆ ಕೋಡ್ ಇಲ್ಲದಿದ್ದರೆ ಹಣ ಬಂದಿಲ್ಲ. ಗಿರಾಕಿಯ ಬ್ಯಾಂಕ್ ಆ್ಯಪಿನಲ್ಲಿ ಪೆಂಡಿಂಗ್ ಅಂತ ಕಂಡರೂ ಅದು ತಡೆಹಿಡಿದ ಹಣವಷ್ಟೇ. ಬ್ಯಾಚಿಗೆ ಸೇರದಿದ್ದರೆ ಕೆಲವು ದಿನದಲ್ಲಿ ಬಿಟ್ಟುಹೋಗುತ್ತೆ.

ಇನ್ನು, ಆ $48.25ನ್ನ ನಿಮ್ಮ ಸಂಬಳದಿಂದ ಹಿಡೀತೀನಿ ಅಂದರೆ? ಕ್ಯಾಲಿಫೋರ್ನಿಯಾದ ವೇಜ್ ಆರ್ಡರ್‌ಗಳ ಎಂಟನೇ ಸೆಕ್ಷನ್ ಪ್ರಕಾರ, ಕ್ಯಾಶ್ ಕಮ್ಮಿ ಬಂತು ಅಂತ ಸಂಬಳ ಕತ್ತರಿಸುವ ಹಾಗಿಲ್ಲ. ಕೆಲಸಗಾರ ಮೋಸದಿಂದ, ಬೇಕಂತಲೇ ಅಥವಾ ತೀರಾ ಬೇಜವಾಬ್ದಾರಿಯಿಂದ ಮಾಡಿದ್ದಾದರೆ ಮಾತ್ರ ಬೇರೆ. ರಷ್‌ನಲ್ಲಿ ಒಂದು ಕೀ ತಪ್ಪಾಗಿ ಒತ್ತಿದ್ದು ಸಾಮಾನ್ಯವಾಗಿ ಆ ಸಾಲಿಗೆ ಸೇರೋದಿಲ್ಲ. ಲೇಬರ್ ಕಮಿಷನರ್ ಕಚೇರಿ ಲಾಸ್ ಏಂಜಲಿಸ್‌ನಲ್ಲೂ ಇದೆ, ಸ್ಯಾನ್ ಡಿಯಾಗೋದಲ್ಲೂ ಇದೆ. ಅಲ್ಲಿ ದೂರು ಕೊಡೋಕೆ ವೀಸಾ ಕಾಗದ ಕೇಳೋದಿಲ್ಲ.

ಆದರೆ ಅಲ್ಲಿಯವರೆಗೆ ಹೋಗದಿರೋ ದಾರಿ ಸುಲಭ. ಶಿಫ್ಟ್ ಬಿಡುವ ಮೊದಲು ರಿಜಿಸ್ಟರಿನ ಕಾರ್ಡ್ ಪಟ್ಟಿ ಮತ್ತು ಮೆಷಿನ್ನಿನ ರಿಪೋರ್ಟು ಎರಡನ್ನೂ ಪ್ರಿಂಟ್ ತೆಗೆದು, ಬಿಲ್ಲುಗಳ ಸಂಖ್ಯೆ ಹೋಲಿಸಿ, ಸಾಲಿಗೆ ಸಾಲು ಟಿಕ್ ಹಾಕಿ, ಉಳಿದದ್ದನ್ನ ಸಮಯದ ಸಮೇತ ಬರೆದು ಮ್ಯಾನೇಜರಿಗೆ ಕೊಡಿ. ಒಂದು ಪ್ರತಿಯ ಫೋಟೋ ನಿಮ್ಮ ಹತ್ತಿರ ಇರಲಿ.

ದಾವಣಗೆರೆಯ ಹುಡುಗ ಕೆಲಸದಲ್ಲೇ ಇದ್ದಾನೆ. ಐದು ಸಾಲಿನಲ್ಲಿ ಅವನು ಕದ್ದದ್ದು ಒಂದೂ ಇರಲಿಲ್ಲ. ಆ್ಯಪ್ ನೋಡದೆ ಸಾಮಾನು ಕೊಟ್ಟದ್ದು ಎರಡು ಸಲ, ಅದನ್ನ ಹೇಳಿಕೊಟ್ಟಿದ್ದಾರೆ. ಈಗ ತಮ್ಮ ಮೊತ್ತದ ಫೋಟೋ ಕಳಿಸೋದಿಲ್ಲ, ಟಿಕ್ ಬೀಳದ ಸಾಲುಗಳನ್ನ ಮಾತ್ರ ಕಳಿಸ್ತಾರೆ.