ಹೊರಟವರಿಗೆ ಅಗ್ಗದ ಡಾಲರ್

2024ರ ಅಕ್ಟೋಬರ್‌ನಲ್ಲಿ ವಿದೇಶಿ ಹೂಡಿಕೆದಾರರು ನಮ್ಮ ಷೇರುಪೇಟೆಯಿಂದ ಸುಮಾರು 94,000 ಕೋಟಿ ರೂಪಾಯಿ ವಾಪಸು ಪಡೆದರು. ಅದುವರೆಗೆ ಒಂದೇ ತಿಂಗಳಲ್ಲಿ ಅಷ್ಟು ಹಣ ಹೊರಹೋಗಿರಲಿಲ್ಲ. ನಿಫ್ಟಿ ಶೇ 6ರಷ್ಟು ಕುಸಿಯಿತು. ಡಾಲರ್ ಮಾತ್ರ 84 ರೂಪಾಯಿಯ ಆಸುಪಾಸು ಬಿಟ್ಟು ಕದಲಲಿಲ್ಲ. ಅದು ರೂಪಾಯಿಯ ಗಟ್ಟಿತನವಲ್ಲ. ರಿಸರ್ವ್ ಬ್ಯಾಂಕ್ ಕಟ್ಟಿ ನಿಲ್ಲಿಸಿದ ದರ.

ಲೆಕ್ಕ ಹಾಕಿ ನೋಡಿ. 84ರ ದರದಲ್ಲಿ 100 ಡಾಲರ್ ತಂದವನ ಕೈಗೆ 8,400 ರೂಪಾಯಿ ಬರುತ್ತದೆ. ಅವನು ಕೊಂಡ ಷೇರು ಶೇ 10 ಇಳಿದರೆ ಉಳಿಯುವುದು 7,560. ಡಾಲರ್ 84ರಲ್ಲೇ ಇದ್ದರೆ 90 ಡಾಲರ್ ಒಯ್ಯುತ್ತಾನೆ. 88 ಆಗಿದ್ದರೆ 86 ಡಾಲರೂ ಸಿಗದು. ರೂಪಾಯಿ ಜಾರುವ ಸುಳಿವು ಸಿಕ್ಕೊಡನೆ ಅವನು ಬಾಗಿಲಿಗೆ ಓಡುವುದು ಇದಕ್ಕೇ. ಅವನ ಓಟವೇ ರೂಪಾಯಿಯನ್ನು ಇನ್ನಷ್ಟು ಜಾರಿಸುತ್ತದೆ.

ಆ ನಾಲ್ಕು ಡಾಲರ್ ಉಳಿಸಿಕೊಟ್ಟದ್ದು ನಮ್ಮ ಮೀಸಲು. ಸೆಪ್ಟೆಂಬರ್ ಕೊನೆಗೆ ಸುಮಾರು 70,500 ಕೋಟಿ ಡಾಲರ್ ಇದ್ದದ್ದು ಜನವರಿಯ ಹೊತ್ತಿಗೆ 62,500 ಕೋಟಿಗಿಂತ ಕೆಳಗಿಳಿಯಿತು. ಇತರ ಕರೆನ್ಸಿಗಳ ಮೌಲ್ಯ ಕುಸಿದದ್ದೂ ಇದರಲ್ಲಿ ಸೇರಿದೆ, ಒಪ್ಪೋಣ. ಆದರೆ ಡಾಲರ್ ಮಾರಿದಾಗ ರಿಸರ್ವ್ ಬ್ಯಾಂಕಿಗೆ ರೂಪಾಯಿ ಬಂದು ಸೇರುತ್ತದೆ, ಬ್ಯಾಂಕುಗಳಲ್ಲಿ ನಗದು ಬತ್ತುತ್ತದೆ. ಡಿಸೆಂಬರ್‌ನಲ್ಲಿ ನಗದು ಮೀಸಲು ಅನುಪಾತವನ್ನು ಅರ್ಧ ಪಾಯಿಂಟ್ ಇಳಿಸಿ 1.16 ಲಕ್ಷ ಕೋಟಿ ರೂಪಾಯಿ ಬಿಡಬೇಕಾಯಿತು. ಇಷ್ಟೆಲ್ಲ ಮಾಡಿಯೂ 2025ರ ಫೆಬ್ರವರಿ 10ರಂದು ಡಾಲರ್ 88ರ ಹೊಸ್ತಿಲು ಮುಟ್ಟಿತು.

ವಿದೇಶಿಯರು ಮಾರಿದ ಷೇರು ಕೊಂಡವರು ಯಾರು? ಬಹುಪಾಲು ಇಲ್ಲಿಯ ಮ್ಯೂಚುವಲ್ ಫಂಡ್‌ಗಳು, ವಿಮಾ ಸಂಸ್ಥೆಗಳು. ಅಕ್ಟೋಬರ್‌ನಲ್ಲಿ ಎಸ್‌ಐಪಿ ಕಂತುಗಳೇ 25,000 ಕೋಟಿ ದಾಟಿದ್ದವು. ಅರಸೀಕೆರೆಯಲ್ಲಿ ಕೊಬ್ಬರಿ ಮಾರಿದ ದುಡ್ಡಲ್ಲಿ ತಿಂಗಳ ಕಂತು ಕಟ್ಟುವವರು ಪೇಟೆಗೆ ಆಸರೆಯಾದರು. ಹೊರಟವರಿಗೆ ಗಿರಾಕಿಯೂ ಆದರು.

ದರ ಹಿಡಿದಿಟ್ಟಿದ್ದರಿಂದ ಇಲ್ಲಿಯವರಿಗೆ ಏನೂ ದಕ್ಕಲಿಲ್ಲವೆಂದಲ್ಲ. ಹಳೇಬೀಡಿನ ಆಲೂಗಡ್ಡೆ ಹೊಲಕ್ಕೆ ಬೀಳುವ ಪೊಟ್ಯಾಷ್ ಪೂರಾ ಆಮದು. ಡಾಲರ್ ಏರಿದರೆ ಅದರ ಖರ್ಚೂ ಏರುತ್ತದೆ. ಬೇಲೂರಿನ ಕಾಫಿಯದು ತಿರುಗುಮುರುಗು: ಲಂಡನ್, ನ್ಯೂಯಾರ್ಕ್ ದರ ಡಾಲರಿನಲ್ಲಿರುವುದರಿಂದ ರೂಪಾಯಿ ಇಳಿದರೆ ಬೆಳೆಗಾರನಿಗೆ ಲಾಭ. ಆ ವರ್ಷ ಕಾಫಿ ದರ ಜಿಗಿದದ್ದಕ್ಕೆ ಮುಖ್ಯ ಕಾರಣ ಬ್ರೆಜಿಲ್, ವಿಯೆಟ್ನಾಂಗಳ ಬರ. ರೂಪಾಯಿಯ ಪಾಲು ಅಲ್ಪ.

ವಿದೇಶಿಯರು ಹೋದದ್ದು ತಪ್ಪಲ್ಲ, ಅದು ಅವರ ಹಕ್ಕು. ಒಂದೇ ದಿನದ ಪೆಟ್ಟನ್ನು ತಡೆಯುವುದು ರಿಸರ್ವ್ ಬ್ಯಾಂಕಿನ ಕೆಲಸವೇ ಹೌದು. ತಿಂಗಳುಗಟ್ಟಲೆ ದರವನ್ನು ಮೊಳೆ ಹೊಡೆದಂತೆ ನಿಲ್ಲಿಸಿದ್ದು ತಪ್ಪು. ರೂಪಾಯಿ ಅಲುಗದೆಂದು ನಂಬಿ ಡಾಲರ್ ಸಾಲಕ್ಕೆ ರಕ್ಷಣೆ ಕೊಳ್ಳದೆ ಕೂತವರಿಗೆ ಫೆಬ್ರವರಿಯಲ್ಲಿ ಬಿಲ್ ಬಂತು. ಅಷ್ಟರಲ್ಲಿ ಅಕ್ಟೋಬರ್‌ನಲ್ಲೇ ಮಾರಿದವರು 84ರ ಡಾಲರ್ ಹಿಡಿದು ಊರು ಸೇರಿದ್ದರು.